ಇರ್ಫಾನಾ ತಿದ್ದಲು ಒಪ್ಪದ ನಡಾವಳಿ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಶೇಂಗಾ ಮಂಡಿಗಳ ಸಾಲು ಮುಗಿಯುವ ಕಡೆ, ಒಂದು ಮಹಡಿಯ ಮೇಲೆ ಮುರುಗೇಂದ್ರಪ್ಪನವರು ಕಟ್ಟಿದ ಸೇವಾ ಸಂಸ್ಥೆಯ ಆಫೀಸಿತ್ತು. ಕೆಳಗೆ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ. ಮೇಲೆ ಎರಡು ಕೋಣೆ, ನಾಲ್ಕಾರು ಕಬ್ಬಿಣದ ಕುರ್ಚಿ, ಒಂದು ಕನ್ನಡ ಟೈಪ್‌ರೈಟರು. ಆ ಟೈಪ್‌ರೈಟರಿನ ಮುಂದೆ ಕೂರುತ್ತಿದ್ದವಳು ಇರ್ಫಾನಾ. ಟ್ರ್ಯಾಕ್ಟರ್ ರಿಪೇರಿ ಮಾಡುವ ಬಾಬು ಸಾಬರ ದೊಡ್ಡ ಮಗಳು, ಬಿ.ಕಾಂ. ಓದಿದವಳು. ಮಾತು ಕಡಿಮೆ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇರಲಿಲ್ಲ. ಅವಳ ಅಮ್ಮೀ ಫಾತಿಮಾ ಬೀ ಇದೇ ಕಾರಣಕ್ಕೆ, ಇವಳನ್ನು ಯಾವ ಮನೆಗೆ ಕೊಡುವುದಪ್ಪಾ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಸಂಸ್ಥೆಗೆ ಮೊಳಕಾಲ್ಮೂರಿನಲ್ಲಿ ಒಂದು ಬಾಲವಾಡಿ ಇತ್ತು. ಅಲ್ಲಿ ಮನೆಮನೆಯಲ್ಲೂ ರೇಷ್ಮೆ ಸೀರೆಯ ಮಗ್ಗ. ಗಂಡ ಮಗ್ಗದ ಕೆಳಗೆ ತೋಡಿದ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ನೂಲು ಸುತ್ತುತ್ತಿರಬೇಕು. ಅಂಬೆಗಾಲಿಡುವ ಮಗು ಎಲ್ಲಿ ಆ ಗುಣಿಗೆ ಬೀಳುತ್ತದೋ, ಎಲ್ಲಿ ನೂಲಿಗೆ ಕೈ ಹಾಕುತ್ತದೋ ಎಂದು ಇಬ್ಬರ ಜೀವವೂ ಕೈಯಲ್ಲಿ. ಬಾಲವಾಡಿ ಬಂದ ಮೇಲೆ ಆ ಬೀದಿ ಉಸಿರು ಬಿಟ್ಟಿತ್ತು. ಅದನ್ನು ನಡೆಸುತ್ತಿದ್ದವರು ಲಕ್ಷ್ಮೀದೇವಿ, ಸಹಾಯಕ್ಕೆ ತಿಪ್ಪೇರುದ್ರಮ್ಮ.

ತಿಂಗಳಿಗೊಮ್ಮೆ ಚಳ್ಳಕೆರೆಯಲ್ಲಿ ಎಲ್ಲರ ಸಭೆ. ಮೊಳಕಾಲ್ಮೂರಿನವರಿಗೆ ಬಸ್ಸು ತಪ್ಪಿದರೆ ಸಭೆಯೂ ತಪ್ಪುತ್ತಿತ್ತು. ಆಮೇಲೆ "ನಮಗೆ ಗೊತ್ತೇ ಇರ್ಲಿಲ್ಲ" ಎಂದು ಅವರು, "ಹೇಳಿ ಕಳ್ಸಿದ್ವಲ್ಲ" ಎಂದು ಇವರು ಜಗಳವಾಡುತ್ತಿದ್ದರು. ಬೇಸತ್ತ ಮುರುಗೇಂದ್ರಪ್ಪನವರೇ ಒಂದು ಉಪಾಯ ಮಾಡಿದರು. ಸಭೆಯನ್ನು ಟೇಪಿನಲ್ಲಿ ರೆಕಾರ್ಡ್ ಮಾಡುವುದು, ಇರ್ಫಾನಾ ಅದನ್ನು ಕೇಳಿ ಒಂದೆರಡು ಪುಟದ ನಡಾವಳಿ ಮಾಡುವುದು, ಬರದವರಿಗೆ ಅದನ್ನು ಕಳಿಸುವುದು.

ಹೊಸ ಶತಮಾನ ಶುರುವಾದ ಮೊದಲ ಚಳಿಗಾಲ ಅದು. ಆ ತಿಂಗಳ ಸಭೆಯ ದಿನ ಲಕ್ಷ್ಮೀದೇವಿ, ತಿಪ್ಪೇರುದ್ರಮ್ಮ ಇಬ್ಬರಿಗೂ ಮನೆಮನೆಗೆ ಹೋಗಿ ಪೋಲಿಯೊ ಹನಿ ಹಾಕಿಸುವ ಕೆಲಸ ಬಿದ್ದಿತ್ತು. ಬರಲಾಗಲಿಲ್ಲ. ಸಭೆಯಲ್ಲಿ ಕೂತವರು ಮುರುಗೇಂದ್ರಪ್ಪ, ತರಬೇತಿ ನೋಡಿಕೊಳ್ಳುವ ಸರ್ವಮಂಗಳ, ಲೆಕ್ಕಪತ್ರದ ಓಂಕಾರಮೂರ್ತಿ ಮತ್ತು ಇರ್ಫಾನಾ. ಒಂದು ಗಂಟೆ ಮಾತು ನಡೆಯಿತು. ಅರ್ಧಕ್ಕೆ ಟಕ್ ಎಂದು ಟೇಪು ನಿಂತಾಗ ಇರ್ಫಾನಾ ಎದ್ದು ಕ್ಯಾಸೆಟ್ಟನ್ನು ಮಗುಚಿ ಹಾಕಿದಳು.

ಮಾರನೆಯ ದಿನ ಬೆಳಗ್ಗೆ ಅದನ್ನು ಕೇಳಲು ಕೂತಳು. ಗಂಟೆಯ ಮಾತನ್ನು ಬರಹಕ್ಕಿಳಿಸುವುದೆಂದರೆ ಗಂಟೆಯ ಕೆಲಸವಲ್ಲ. ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳುತ್ತಿದ್ದಳು. ಎರಡನೆಯ ಸಲ, ಯಾವ ವಿಷಯ ಎಲ್ಲಿ ಬಂತೆಂದು ಟೇಪಿನ ಮೀಟರ್ ತೋರಿಸುವ ಅಂಕಿಯನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಸಭೆಯಲ್ಲಿ ಮಾತು ನೇರವಾಗಿ ಹೋಗುವುದಿಲ್ಲ. ಶುರುವಿನಲ್ಲಿ ಎತ್ತಿದ ವಿಷಯಕ್ಕೆ ಕೊನೆಯಲ್ಲಿ ಚಹಾ ಕುಡಿಯುವಾಗ ಯಾರೋ ಉತ್ತರ ಹೇಳಿರುತ್ತಾರೆ. ಅವನ್ನೆಲ್ಲ ಹುಡುಕಿ ಒಂದೆಡೆ ಸೇರಿಸಬೇಕು. ಆಮೇಲೆ ಒಂದೊಂದು ವಿಷಯಕ್ಕೂ ಮಾತೇನಾಯಿತು, ತೀರ್ಮಾನ ಏನು, ಕೆಲಸ ಯಾರದು, ಯಾವಾಗಿನೊಳಗೆ ಎಂದು ಬರೆಯಬೇಕು. ತೀರ್ಮಾನವಾಗದಿದ್ದರೆ ಆಗಿಲ್ಲವೆಂದೇ ಬರೆಯಬೇಕು. ಕ್ಯಾಸೆಟ್ ಮಗುಚುವಾಗ ಒಂದೆರಡು ಮಾತು ತಪ್ಪಿಹೋಗಿದ್ದವು. ಅದನ್ನೂ ಅವಳು ಮುಚ್ಚಲಿಲ್ಲ. "ಇಲ್ಲಿ ಕೆಲವು ಮಾತುಗಳು ರೆಕಾರ್ಡ್ ಆಗಿಲ್ಲ, ಇದ್ದವರು ನೋಡಿ ಹೇಳಬೇಕು" ಎಂದು ಬರೆದಳು.

ಬಾಲವಾಡಿಯ ವಿಷಯ ಬಂದದ್ದು ಕ್ಯಾಸೆಟ್ಟಿನ ಎರಡನೇ ಮಗ್ಗುಲಿನಲ್ಲಿ. ಮುರುಗೇಂದ್ರಪ್ಪನವರ ದನಿ: "ಪರಶುರಾಂಪುರದೋರು ಬಾಲವಾಡಿ ಬೇಕು ಅಂತ ಹಿಂದೆ ಬಿದ್ದವ್ರೆ. ಎರಡು ಕಡೆ ನಡ್ಸೋಕೆ ನಮ್ ಕೈಲಿ ಆಗಲ್ಲ. ಮೊಳಕಾಲ್ಮೂರಿಂದು ಅಲ್ಲಿಗೆ ತಗಂಡು ಹೋದ್ರೆ ಹೆಂಗೆ?"

ಸರ್ವಮಂಗಳ ಥಟ್ಟನೆ ಹೇಳಿದ್ದರು: "ಅಲ್ಲ ಸಾರ್, ನಡ್ಸೋ ಲಕ್ಷ್ಮೀದೇವೀನೇ ಇಲ್ಲಿಲ್ಲ. ಅವ್ಳನ್ನ ಕೇಳ್ದೆ ಬಾಗ್ಲು ಹಾಕೋಕೆ ಅದೇನು ನಮ್ಮನೆ ಕೊಟ್ಟಿಗೇನಾ?"

ಒಂದಿಷ್ಟು ಗದ್ದಲ. ಕುರ್ಚಿ ಎಳೆದ ಸದ್ದು. ಕೊನೆಗೆ ಮುರುಗೇಂದ್ರಪ್ಪನವರೇ, "ಆತು ಬಿಡ್ರಮ್ಮ, ನಾನೇ ಈ ವಾರ ಹೋಗಿ ಅವ್ರ ಹತ್ರ ಮಾತಾಡ್ತೀನಿ. ಮುಂದಿನ ಸಭೆಗೆ ನೋಡಾನ" ಎಂದಿದ್ದರು.

ಇರ್ಫಾನಾ ಮೊದಲು ಬರೆದದ್ದರಲ್ಲಿ ಕೊಟ್ಟಿಗೆಯ ಮಾತೂ ಇತ್ತು. ಅದನ್ನು ಬರೆಯುವಾಗ ಅವಳಿಗೆ ಒಂಥರಾ ಖುಷಿಯೇ ಆಗಿತ್ತು. ಮತ್ತೆ ಓದಿದಾಗ ಆ ಖುಷಿಯೇ ಅನುಮಾನ ಹುಟ್ಟಿಸಿತು. ಇದು ಬರದವರಿಗೆ ವಿಷಯ ತಿಳಿಸುವುದಕ್ಕೋ, ಬೆಂಕಿ ಹಚ್ಚುವುದಕ್ಕೋ? ಹೊಡೆದು ಹಾಕಿದಳು. ಅಲ್ಲಿ ಉಳಿದದ್ದು ಇಷ್ಟು: "ಮೊಳಕಾಲ್ಮೂರಿನ ಬಾಲವಾಡಿಯನ್ನು ಪರಶುರಾಂಪುರಕ್ಕೆ ಸ್ಥಳಾಂತರಿಸುವ ಬಗ್ಗೆ ಚರ್ಚೆಯಾಯಿತು. ಅಲ್ಲಿನ ಸಿಬ್ಬಂದಿಯನ್ನು ಕೇಳದೆ ಮಾಡಬಾರದೆಂದು ಸರ್ವಮಂಗಳ ಆಕ್ಷೇಪಿಸಿದರು. ತೀರ್ಮಾನವಾಗಿಲ್ಲ. ಅಲ್ಲಿನ ಸಿಬ್ಬಂದಿಯೊಡನೆ ಮಾತಾಡುವುದು: ಮುರುಗೇಂದ್ರಪ್ಪ, ಈ ವಾರದೊಳಗೆ. ಮುಂದಿನ ಸಭೆಯಲ್ಲಿ ಮತ್ತೆ ಚರ್ಚೆ."

ಟೈಪಾದ ಹಾಳೆಯನ್ನು ಮುರುಗೇಂದ್ರಪ್ಪನವರ ಮೇಜಿನ ಮೇಲೆ ಇಟ್ಟಳು. ಅವರು ಕೆಟ್ಟವರಲ್ಲ. ಅಪ್ಪನ ಹೊಲದ ಕೆಲಸ ತಮ್ಮಂದಿರಿಗೆ ಬಿಟ್ಟು ಊರೂರು ಸುತ್ತಿ ಸಂಸ್ಥೆ ಕಟ್ಟಿದವರು. ಆದರೆ ಪರಶುರಾಂಪುರದಲ್ಲಿ ಯಾರದೋ ಸನ್ಮಾನ ಸಮಾರಂಭದಲ್ಲಿ, ಮೈಕಿನ ಮುಂದೆ, ಬಾಲವಾಡಿ ಕೊಟ್ಟೇ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದರು. ಈಗ ಮಾತು ಉಳಿಸಿಕೊಳ್ಳಬೇಕಿತ್ತು.

ಓದಿ ಕನ್ನಡಕ ತೆಗೆದರು. "ಇದೇನಮ್ಮ, ತೀರ್ಮಾನ ಆಗಿಲ್ಲ ಅಂತ ಬರ್ದೀಯ? ಸ್ಥಳಾಂತರ ಮಾಡಲು ತೀರ್ಮಾನಿಸಲಾಯಿತು ಅಂತ ಹಾಕು. ತಿಂಗಳ ಕೊನೆಗೆ ಲಕ್ಷ್ಮೀದೇವಿ ಬೀಗದ ಕೈ ಒಪ್ಪಿಸ್ಬೇಕು ಅಂತ ಸೇರ್ಸು. ಸರ್ವಮಂಗಳನ ಮಾತು ಬೇಡ. ನನ್ ಹೆಸ್ರಿಂದು ತೆಗಿ."

"ಸಭೇಲಿ ಹಂಗೆ ಆಗ್ಲಿಲ್ಲ ಸರ್."

"ಆಡಿದ್ದೆಲ್ಲ ನಡಾವಳಿ ಅಲ್ಲಮ್ಮ. ಮಾತಿನ ಭರದಾಗೆ ಏನೋ ಅಂದಿರ್ತೀವಿ."

"ಆಡಿದ್ದೆಲ್ಲ ಬರ್ದಿಲ್ಲ ಸರ್, ಬಹಳ ಬಿಟ್ಟೀನಿ. ಆದ್ರೆ ಸಭೆ ಮುಗ್ದು ಮನೆಗೆ ಹೋದ್ಮೇಲೆ ಮನಸಿಗೆ ಬಂದಿದ್ದನ್ನ ಸಭೇಲಿ ತೀರ್ಮಾನ ಆತು ಅಂತ ಹೆಂಗೆ ಬರೀಲಿ?"

ಮುರುಗೇಂದ್ರಪ್ಪನವರ ಮುಖ ಕೆಂಪಾಯಿತು. "ಇಲ್ಲಿ ಸಂಬಳ ಕೊಡೋರು ಯಾರು?"

"ನೀವೇ ಸರ್. ಟೈಪು ಮಾಡೋಕೆ ಕೊಡ್ತೀರಿ. ಇಲ್ಲದ್ದನ್ನ ಹುಟ್ಸೋಕಲ್ಲ." ತನ್ನ ಹಾಳೆಯನ್ನು ಮೇಜಿನಿಂದ ಎತ್ತಿಕೊಂಡಳು. "ನಿಮ್ಗೆ ಬೇರೆ ಬೇಕಂದ್ರೆ ನೀವೇ ಬರ್ದು ನಿಮ್ ಸಹಿ ಹಾಕಿ ಕಳ್ಸಿ. ನಾನು ತಡೆಯಲ್ಲ. ಆದ್ರೆ ತಯಾರಿಸಿದವರು ಇರ್ಫಾನಾ ಅಂತ ಅದ್ರಲ್ಲಿ ಇರಬಾರ್ದು. ಮುಂದಿನ ಸಭೇಲಿ ಇದನ್ನ ಓದ್ತೀನಿ. ಹಿಂದಿನಿಂದ ಮಾಡಲ್ಲ, ಮುಖದ ಮೇಲೇ ಹೇಳ್ತಿದೀನಿ."

ಹಾಗೆಯೇ ಆಯಿತು. ಮುರುಗೇಂದ್ರಪ್ಪ ತಾವೇ ಕೈಯಲ್ಲಿ ಬರೆದು, ಮೊಳಕಾಲ್ಮೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಕ್ಯಾಸೆಟ್ಟನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಎರಡು ದಿನ ಕಳೆಯುವುದರೊಳಗೆ ಲಕ್ಷ್ಮೀದೇವಿಯ ಫೋನು. "ಏನೇ ಇರ್ಫಾನಾ, ಬಾಗ್ಲು ಹಾಕ್ತೀರಂತೆ? ಅಯ್ಯಯ್ಯೋ, ಈ ಬೀದಿ ಹೆಂಗಸ್ರಿಗೆ ನಾನೇನು ಹೇಳ್ಲಿ?"

ಒಳಗಿನ ಕೋಣೆಯಲ್ಲಿ ಮುರುಗೇಂದ್ರಪ್ಪ ಕೂತಿದ್ದರು, ಬಾಗಿಲು ತೆರೆದೇ ಇತ್ತು. ಇರ್ಫಾನಾ ದನಿ ತಗ್ಗಿಸಲಿಲ್ಲ. "ಅಕ್ಕಾ, ತೀರ್ಮಾನ ಆಗಿಲ್ಲ. ಮಾತಾಗಿದೆ ಅಷ್ಟೇ. ನಿಮ್ಮ ಹತ್ರ ಬಂದು ಮಾತಾಡ್ತೀನಿ ಅಂತ ಸರ್ ಅಂದವ್ರೆ. ಮುಂದಿನ ಸಭೆ ಅಲ್ಲೇ ಇಡಿ ಅಂತ ನೀವು ಕೇಳ್ರಿ."

ಸಂಜೆ ಮನೆಯಲ್ಲಿ ಸುದ್ದಿ ಕೇಳಿ ಫಾತಿಮಾ ಬೀ ತಲೆಯ ಮೇಲೆ ಕೈಯಿಟ್ಟು ಕೂತರು. ಬಾಬು ಸಾಬರು ಮಾತ್ರ ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುತ್ತ, "ಕೆಲ್ಸ ಹೋದ್ರೆ ಏನ್ ಮಾಡ್ತೀ ಬೇಟಿ?" ಎಂದರು.

"ಬೇರೆ ಹುಡುಕ್ತೀನಿ ಅಬ್ಬಾ."

"ಹುಡುಕು ಮತ್ತೆ," ಎಂದು ಅವರು ಊಟಕ್ಕೆ ಕೂತರು.

ಮುಂದಿನ ಸಭೆ ಮೊಳಕಾಲ್ಮೂರಿನ ಬಾಲವಾಡಿಯಲ್ಲೇ ನಡೆಯಿತು. ಲಕ್ಷ್ಮೀದೇವಿ ಹಟ ಹಿಡಿದು ಎಲ್ಲರನ್ನೂ ಅಲ್ಲಿಗೇ ಕರೆಸಿಕೊಂಡಿದ್ದರು. ಸುತ್ತಲ ಮನೆಗಳಿಂದ ಮಗ್ಗದ ಲಟಲಟ ಸದ್ದು, ಕಿಟಕಿಯಾಚೆ ಸೊಂಟದ ಮೇಲೆ ಮಕ್ಕಳನ್ನು ಹೊತ್ತು ನಿಂತ ಹೆಂಗಸರು, ಅವರ ತೆಲುಗು ಬೆರೆತ ಪಿಸುಮಾತು. ಯಾವ ಸಭೆಯಲ್ಲೂ ಮೊದಲ ಕೆಲಸ ಹಿಂದಿನ ನಡಾವಳಿ ಓದಿ ಒಪ್ಪುವುದು. ಮುರುಗೇಂದ್ರಪ್ಪ ತಾವು ಬರೆದದ್ದನ್ನು ಓದಿದರು.

"ಕ್ಯಾಸೆಟ್ ಹಾಕ್ರಿ, ನಾವೂ ಕೇಳ್ತೀವಿ," ಎಂದರು ಲಕ್ಷ್ಮೀದೇವಿ.

"ಅದ್ರ ಮೇಲೆ ಬೇರೆ ರೆಕಾರ್ಡ್ ಆಗಿಬಿಟ್ಟೈತೆ," ಎಂದರು ಮುರುಗೇಂದ್ರಪ್ಪ, ಯಾರ ಮುಖವನ್ನೂ ನೋಡದೆ.

ಇರ್ಫಾನಾ ಎದ್ದು ನಿಂತಳು. "ಕ್ಯಾಸೆಟ್ ಹೋದ್ರೆ ಹೋಗ್ಲಿ. ಅವತ್ತು ಕೂತಿದ್ದೋರು ಇಲ್ಲೇ ಇದೀವಿ. ನಾನು ಬರ್ದಿದ್ದು ಓದ್ತೀನಿ. ತಪ್ಪಿದ್ರೆ ಇಲ್ಲೇ ಹೇಳ್ರಿ, ಇಲ್ಲೇ ತಿದ್ದಿಕೊಳ್ತೀನಿ."

ಓದಿದಳು. ಸರ್ವಮಂಗಳ "ಸರಿ ಐತೆ" ಎಂದರು. ಎಲ್ಲರೂ ಓಂಕಾರಮೂರ್ತಿಯ ಕಡೆ ತಿರುಗಿದರು. ಮುರುಗೇಂದ್ರಪ್ಪನವರ ದೂರದ ನೆಂಟ ಆತ. ಎದುರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತಿದ್ದ.

"ಹೇಳ್ರಿ ಓಂಕಾರಣ್ಣ," ಎಂದಳು ಇರ್ಫಾನಾ. "ಹೌದು ಅನ್ರಿ, ಇಲ್ಲ ಅನ್ರಿ. ಸುಮ್ನೆ ಮಾತ್ರ ಕೂರಬೇಡ್ರಿ."

"ಆ ಹುಡುಗಿ ಓದಿದಂಗೇ ಆಗಿದ್ದು," ಎಂದ ಓಂಕಾರಮೂರ್ತಿ, ನೆಲ ನೋಡುತ್ತ. "ಅಣ್ಣಾರೆ, ನೀವು ಬಂದು ಮಾತಾಡ್ತೀನಿ ಅಂದಿದ್ರಿ. ಬರ್ಲಿಲ್ಲ."

ಮುರುಗೇಂದ್ರಪ್ಪ ತಮ್ಮ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಹಂಗೇ ತಿದ್ದಿ ಬರ್ಕಳಿ" ಎಂದರು. ಬಾಲವಾಡಿಯ ಚರ್ಚೆ ಅವತ್ತು ಮೊದಲಿನಿಂದ ಶುರುವಾಯಿತು, ಅದನ್ನು ನಡೆಸುವವರ ಎದುರಿಗೇ. ಬಾಗಿಲು ಹಾಕುವ ಮಾತು ಅಲ್ಲಿಗೇ ಬಿದ್ದುಹೋಯಿತು. ಪರಶುರಾಂಪುರದವರಿಗೆ ಏನು ಹೇಳುವುದೆಂಬುದು ಮುರುಗೇಂದ್ರಪ್ಪನವರ ಪಾಲಿನ ಕೆಲಸವೆಂದು ನಡಾವಳಿಯಲ್ಲಿ ಸೇರಿತು.

ಸೋತದ್ದನ್ನು ಅವರು ಮರೆಯಲಿಲ್ಲ. ತಿಂಗಳು ತಿರುಗುವುದರೊಳಗೆ ಇರ್ಫಾನಾಳನ್ನು ಟೈಪ್‌ರೈಟರಿನಿಂದ ಎಬ್ಬಿಸಿ ಮೊಳಕಾಲ್ಮೂರಿನ ಬಾಲವಾಡಿಗೇ ಹಾಕಿದರು. ದಿನಾ ಬಸ್ಸಿನಲ್ಲಿ ನುಗ್ಗಿ ಹೋಗಿ ಬರುವ ಕಷ್ಟಕ್ಕೆ ಹೆದರಿ ಬಿಟ್ಟು ಹೋಗುತ್ತಾಳೆಂದು ಅವರ ಲೆಕ್ಕ. ಅವಳು ಹೋಗಲಿಲ್ಲ. ನೇಕಾರರ ಮಕ್ಕಳಿಂದ ತೆಲುಗು ಕಲಿತಳು, ಮೂಗು ಒರೆಸುವುದು ಕಲಿತಳು. ಸಂಸ್ಥೆ ಮುಚ್ಚುವವರೆಗೂ, ವರ್ಷಗಟ್ಟಲೆ, ಅಲ್ಲೇ ಇದ್ದಳು.

ಚಳ್ಳಕೆರೆಯ ಸಭೆಗೆ ಅವಳನ್ನು ಮೊದಲ ಸಲ ಕರೆಯದೇ ಬಿಟ್ಟಾಗ, ಮಾರನೆಯ ಬೆಳಗ್ಗೆ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ ಕೈ ತೊಳೆದುಕೊಂಡು ಎದುರಿನ ಎಸ್‌ಟಿಡಿ ಬೂತಿಗೆ ಹೋದಳು. ಫೋನೆತ್ತಿದವರು ಮುರುಗೇಂದ್ರಪ್ಪನವರೇ.

"ನಿನ್ನೆ ಸಭೆಗೆ ನಾನು ಗೈರುಹಾಜರು ಸರ್," ಎಂದಳು ಇರ್ಫಾನಾ. "ನಡಾವಳಿ ಯಾವಾಗ ಕಳಿಸ್ತೀರಿ?"