ಮುಂದಿನ ಸೋಮವಾರ ಬರ್ರಿ

ಆದವಾನಿ ಸ್ಟೇಷನ್ನಿನ ಆಚೆ ಒಂದು ನೂಲಿನ ಗಿರಣಿ ಇತ್ತು. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಗುಮಾಸ್ತನಾಗಿದ್ದೆ. ಆಳು ತೆಗೆದುಕೊಳ್ಳುವ ಕೆಲಸ ನನ್ನದು. ಅರ್ಜಿ ಬರೆದುಕೊಳ್ಳುವುದು, ಪರೀಕ್ಷೆಗೆ ಕರೆಸುವುದು, ಆಯ್ಕೆಯಾದವರ ಹೆಸರು ಗೇಟಿನ ಹಲಗೆಗೆ ಅಂಟಿಸುವುದು ನನ್ನ ಪಾಲಿಗಿದ್ದವು. ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುತ್ತಿದ್ದವರು ಮ್ಯಾನೇಜರರು. ಆದರೆ ಬಂದವರಿಗೆ ಗಿರಣಿಯ ಮುಖವೆಂದರೆ ನಾನೇ.

ಆ ವರ್ಷ ಗಿರಣಿಯವರು ಹೊಸ ಷೆಡ್ಡು ಕಟ್ಟಿಸಿದರು. ಅದಕ್ಕೆ ನಲವತ್ತು ಜನ ಬೇಕಾಗಿತ್ತು. ಕೌತಾಳಂ, ಕೋಸಗಿ, ಪತ್ತಿಕೊಂಡದ ಕಡೆಯಿಂದ ಜನ ಬಂದರು. ಪರೀಕ್ಷೆ ಬಲು ಸರಳ: ಓಡುವ ಎಳೆ ಕಡಿದರೆ ಅದನ್ನು ಹಿಡಿದು, ಬೆರಳ ತುದಿಯಲ್ಲಿ ತಿರುವಿ ಕೂಡಿಸಬೇಕು. ಡಾಕ್ಟರು ಕಣ್ಣು, ಎದೆ, ಕೈ ನೋಡುತ್ತಿದ್ದರು. ಕೋಸಗಿಯ ಹೆಣ್ಣುಮಗಳೊಬ್ಬಳು ಮೊದಲ ಸಲಕ್ಕೇ ಎಳೆ ಕೂಡಿಸಿದಳು. ಇಪ್ಪತ್ತೈದರ ಆಸುಪಾಸಿನವಳು. ಗಿರಣಿಯ ಮೇಸ್ತ್ರಿ ಆಕೆಯನ್ನು ಮತ್ತೆರಡು ಸಲ ಮಾಡಿಸಿ ನೋಡಿ, ನನ್ನ ಕಡೆ ತಿರುಗಿ ತಲೆಯಾಡಿಸಿದ. ಹಲಗೆಯ ಮೇಲೆ ಆಕೆಯ ಹೆಸರು ಮೂರನೆಯದು.

ದೀಪಾವಳಿ ಆದ ಮೇಲಿನ ಸೋಮವಾರ ಕೆಲಸ ಶುರು ಎಂದು ಎಲ್ಲರಿಗೂ ಹೇಳಿದ್ದೆವು. ದೀಪಾವಳಿ ಆಯಿತು. ಯಂತ್ರಗಳು ಕೂತವು, ಕರೆಂಟಿನ ಕಂಬಗಳೂ ಬಂದವು. ಟ್ರಾನ್ಸ್‌ಫಾರ್ಮರ್ ಮಾತ್ರ ಬರಲಿಲ್ಲ. ಅದಿಲ್ಲದೆ ಷೆಡ್ಡು ಬರೀ ಕಟ್ಟಡ.

ಹೇಳಿದ ದಿನ ನಲವತ್ತು ಜನರೂ ಗೇಟಿನ ಮುಂದೆ ಬಂದು ಕೂತರು. ನಾನು ಒಳಗೆ ಹೋಗಿ ಏನು ಹೇಳಲಿ ಎಂದು ಕೇಳಿದೆ. ಮ್ಯಾನೇಜರರು ತೆಲುಗಿನಲ್ಲಿ, “ಮುಂದಿನ ಸೋಮವಾರ ಬರಲಿ ಅಂತ ಹೇಳು. ತಡ ಅಂದರೆ ಚದುರಿಹೋಗುತ್ತಾರೆ. ಮತ್ತೆ ಯಾರು ಹುಡುಕುವವರು?” ಎಂದರು. ನಾನು ಹೊರಗೆ ಬಂದು ಹಾಗೆಯೇ ಹೇಳಿದೆ. ಆ ಸೋಮವಾರ ಬಂದಾಗಲೂ ಅದನ್ನೇ ಹೇಳಿದೆ. ಎರಡನೆಯ ಸಲ ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಟ್ರಾನ್ಸ್‌ಫಾರ್ಮರಿನ ವಿಷಯವಾಗಿ ಬಂದ ಕಾಗದವನ್ನು ಫೈಲಿಗೆ ಸೇರಿಸಿದವನು ನಾನೇ. ಅದು ಇನ್ನೂ ಹಡಗನ್ನೇ ಏರಿರಲಿಲ್ಲ.

ಆ ಎರಡನೆಯ ಸೋಮವಾರ ಎಲ್ಲರೂ ಎದ್ದುಹೋದ ಮೇಲೆ ಕೋಸಗಿಯ ಆಕೆ ಉಳಿದಳು. ಪಕ್ಕದಲ್ಲಿ ಗಂಡನೂ ಇದ್ದ.

“ಗುಮಾಸ್ತರ, ಒಂದು ಮಾತು,” ಎಂದಳು. “ನಮ್ಮೂರಿಂದ ಗುರುವಾರ ಕಾಲುವಿ ಕೆಲಸಕ್ಕ ಒಂದು ಗುಂಪು ಹೊಂಟೈತಿ. ಕಾಲುವಿ ಮೇಸ್ತ್ರಿ ಜೋಡಿನೇ ತಗೊಂತಾನ. ಗಂಡ ಅಗೀಬೇಕು, ಹೆಂಡ್ತಿ ಮಣ್ಣು ಹೊರಬೇಕು. ನಾ ಇಲ್ಲಿ ಕುಂತ್ರ ಇವರಿಗೂ ಅಲ್ಲಿ ಕೆಲಸಿಲ್ಲ. ಸೋಮವಾರ ಖರೇನೇ ಐತೇನ್ರಿ?”

ಅಷ್ಟು ನೇರವಾಗಿ ಬೇರೆ ಯಾರೂ ಕೇಳಿರಲಿಲ್ಲ. ನಾನು ಆಕೆಯ ಗಂಡನ ಕಡೆ ನೋಡಿದೆ. ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

“ಐತಿ ಅಂತ ಹೇಳ್ಯಾರ,” ಎಂದೆ.

“ಹಂಗಾರ ಮೇಸ್ತ್ರಿಗೆ ಬರಂಗಿಲ್ಲ ಅಂತ ಹೇಳ್ತೀವಿ,” ಎಂದು ಗಂಡನ ಜೊತೆ ಸ್ಟೇಷನ್ನಿನ ಕಡೆ ಹೋದಳು.

‘ಹೇಳ್ಯಾರ’ ಎಂದು ಸುಳ್ಳನ್ನು ಇನ್ನೊಬ್ಬರ ಬಾಯಿಗೆ ಹಾಕಿದ್ದೆ; ಆದರೂ ಆಡಿದ ನಾಲಿಗೆ ನನ್ನದೇ. ಶನಿವಾರ ಮ್ಯಾನೇಜರರ ಮುಂದೆ ನಿಂತು, ಇನ್ನು ನಾನು ಸೋಮವಾರ ಎನ್ನಲಾರೆ ಎಂದೆ. ಅವರು ಸಿಟ್ಟಾಗಲಿಲ್ಲ, ದಣಿದಿದ್ದರು. ಮೂರು ತಿಂಗಳಿಗೆ ಮೊದಲು ಆಗುವುದಿಲ್ಲ, ಆಮೇಲೆ ಎಷ್ಟೆಂದು ತಮಗೂ ಗೊತ್ತಿಲ್ಲ ಎಂದರು. ಬೇರೆ ಕೆಲಸಕ್ಕೆ ಹೋದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೀರಾ ಎಂದು ಕೇಳಿದೆ. ಯುಗಾದಿವರೆಗೆ ಪಟ್ಟಿ ಹಾಗೆಯೇ ಇರಲಿ, ಅದರಾಚೆಗೆ ಮಾತು ಕೊಡಬೇಡ ಎಂದರು.

ಮೂರನೆಯ ಸೋಮವಾರ ಗೇಟಿನ ಮೆಟ್ಟಿಲ ಮೇಲೆ ನಿಂತು, ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳಿದೆ.

“ಕೆಲಸ ಇವತ್ತು ಇಲ್ಲ. ಮುಂದಿನ ವಾರನೂ ಇಲ್ಲ. ಕರೆಂಟಿನ ಸಾಮಾನು ಬಂದಿಲ್ಲ. ಮೂರು ತಿಂಗಳಂತೂ ಆಗ್ತೈತಿ, ಹೆಚ್ಚೂ ಆಗಬಹುದು. ಯಾವ ದಿನ ಅಂತ ನನಗ ಗೊತ್ತಿಲ್ಲ, ಅದಕ್ಕ ದಿನ ಹೇಳಂಗಿಲ್ಲ. ಬ್ಯಾರೆ ಕೆಲಸ ಸಿಕ್ಕರ ಹೋಗ್ರಿ. ಯುಗಾದಿ ತನಕ ನಿಮ್ಮ ಹೆಸರು ಹೊಡಿಯಂಗಿಲ್ಲ. ಪ್ರತಿ ತಿಂಗಳ ಮೊದಲನೇ ಸೋಮವಾರ ಸುದ್ದಿ ಇರಲಿ, ಇಲ್ಲದಿರಲಿ, ಒಂದೊಂದು ಕಾರ್ಡು ಬರೀತೀನಿ. ಇಲ್ಲಿಗೆ ಬಂದು ಕುಂದರಬ್ಯಾಡ್ರಿ.”

ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಕೌತಾಳಂನ ಮುದುಕನೊಬ್ಬ, ಮಗನ ಜೊತೆ ಬಂದವನು, “ಇದನ್ನ ಮೊದಲನೇ ದಿನ ಹೇಳಿದ್ರ ಎರಡು ಸಲದ ಬಸ್ಸಿನ ರೊಕ್ಕ ಉಳೀತಿತ್ತು,” ಎಂದ. ನಾನು ತಪ್ಪಾಯಿತು ಎಂದೆ. ಆಮೇಲೆ ಒಬ್ಬೊಬ್ಬರಾಗಿ ಬಂದು, ಕಾರ್ಡು ಯಾರ ವಿಳಾಸಕ್ಕೆ ಬರೆಯಬೇಕೆಂದು ಹೇಳಿದರು. ಹೆಚ್ಚಿನವರು ಊರಿನ ಶಾಲೆ ಮೇಷ್ಟ್ರ ಹೆಸರು ಕೊಟ್ಟರು.

ಆಕೆ ಕೊನೆಗೆ ಬಂದಳು.

“ಗುಂಪು ಗುರುವಾರನೇ ಹೋತ್ರಿ,” ಎಂದಳು.

“ಮತ್ತೊಂದು ಗುಂಪು ಇಲ್ಲೇನವ್ವ?”

“ಕಾಲುವಿಗೆ ಇಲ್ಲ. ಕಲ್ಲಿನ ಕ್ವಾರಿಗೆ ಕರೀತಾರ. ನಮಗ ಮಣ್ಣಿನ ಕೆಲಸ ಗೊತ್ತು, ಕಲ್ಲಿಂದು ಗೊತ್ತಿಲ್ಲ.” ನನ್ನ ಮುಖವನ್ನೇ ನೋಡಿ ಕೇಳಿದಳು: “ಅವತ್ತು ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತವ್ವ,” ಎಂದೆ.

ಕಾರ್ಡು ಕೋಸಗಿ ಸ್ಟೇಷನ್ನಿನ ಚಹಾದವನಿಗೆ ಬರೆಯಿರಿ, ಅವನು ಓದಿ ಹೇಳುತ್ತಾನೆ ಎಂದಳು. ಗಂಡ ಆಗಲೇ ರಸ್ತೆಗೆ ಇಳಿದಿದ್ದ.

ಪ್ರತಿ ತಿಂಗಳೂ ನಲವತ್ತು ಕಾರ್ಡು ಬರೆದೆ. ಮೊದಲನೆಯದರಲ್ಲಿ ‘ಸಾಮಾನು ಬಂದಿಲ್ಲ’. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ‘ಮದ್ರಾಸು ಬಂದರಿಗೆ ಬಂದಿದೆ, ಇನ್ನೂ ಬಿಡಿಸಿಕೊಂಡಿಲ್ಲ’. ಸುದ್ದಿಯೇ ಇಲ್ಲದ ಕಾಗದ ಏಕೆ ಎಂದು ಮ್ಯಾನೇಜರರು ಅಂಚೆ ಖರ್ಚಿಗೆ ಗೊಣಗಿದರು. ಕೆಲವು ಕಾರ್ಡುಗಳು ತಿರುಗಿ ಬಂದವು, ಊರಲ್ಲಿಲ್ಲ ಎಂದು ತೆಲುಗಿನಲ್ಲಿ ಗೀಚಿಸಿಕೊಂಡು. ಕೋಸಗಿಯದು ಒಂದೂ ತಿರುಗಿ ಬರಲಿಲ್ಲ.

ಯುಗಾದಿಗೆ ಹದಿನೈದು ದಿನ ಇರುವಾಗ ಷೆಡ್ಡಿಗೆ ಕರೆಂಟು ಬಂತು. ಕೆಲಸಕ್ಕೆ ಬನ್ನಿ ಎಂದು ಎಲ್ಲರಿಗೂ ಕಾರ್ಡು ಬರೆದೆ. ನಲವತ್ತರಲ್ಲಿ ಇಪ್ಪತ್ತಾರು ಜನ ಬಂದರು. ಆಕೆಯೂ ಬಂದಿದ್ದಳು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ತಡವಾದುದರಿಂದ ಡಾಕ್ಟರು ಇನ್ನೊಮ್ಮೆ ಎಲ್ಲರನ್ನೂ ನೋಡಬೇಕಿತ್ತು. ಆಕೆಗೆ ಕೈ ಹೊರಗೆ ತೆಗೆಯಲು ಹೇಳಿದರು. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇರಲಿಲ್ಲ. ಕ್ವಾರಿಯಲ್ಲಿ ಕಲ್ಲು ಜಾರಿತ್ತು.

ಡಾಕ್ಟರು ಆಗುವುದಿಲ್ಲ ಎಂದು ಬರೆದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಹೇಳಬೇಕಾದವನೂ ನಾನೇ.

ಹೊರಗೆ ಕರೆದುಕೊಂಡು ಹೋಗಿ, “ಎಳಿ ಕೂಡಿಸೋ ಕೆಲಸ ಆಗಂಗಿಲ್ಲವ್ವ,” ಎಂದೆ.

“ಗೊತ್ತೈತ್ರಿ,” ಎಂದಳು. “ಕಾರ್ಡು ಬಂದಿತ್ತಲ್ಲ, ಅದಕ್ಕ ಬಂದೆ.”

ಹತ್ತಿಯ ಕಸ ಆರಿಸುವ ಗೋಡೌನಿನಲ್ಲಿ ದಿನಗೂಲಿಯ ಜಾಗವೊಂದು ಖಾಲಿ ಇತ್ತು. ಅದನ್ನು ಕೊಡಿಸುವೆನೆಂದೆ, ಕಾಯಂ ಅಲ್ಲ, ದೂಳು ಬಹಳ, ಎಷ್ಟು ದಿನ ಇರುತ್ತದೋ ಹೇಳಲಾರೆ ಎಂದೂ ಸೇರಿಸಿದೆ. ಆಕೆ ಯೋಚಿಸಿ ಒಪ್ಪಿದಳು. ಎಡಗೈಯಿಂದ ಆರಿಸುವುದನ್ನು ಕಲಿತಳು.

ಎರಡು ವರ್ಷ ಆ ಗೋಡೌನಿನಲ್ಲಿದ್ದಳು. ನಾನು ಹಾಜರಿ ತೆಗೆದುಕೊಳ್ಳಲು ಹೋದಾಗಲೆಲ್ಲ ತಲೆ ಎತ್ತದೆ ‘ಅದೀನಿ’ ಎನ್ನುತ್ತಿದ್ದಳು. ಅದೊಂದು ಮಾತು ಬಿಟ್ಟರೆ ನನ್ನೊಡನೆ ಇನ್ನೊಂದು ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.