ಶೇಕಡಣ್ಣನ ಹದಿಮೂರು

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕಟಿಂಗ್ ಮಷಿನ್ ನಡೆಸುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಶೇಕಡಣ್ಣ ಎಂದೇ. ವರ್ಷಕ್ಕೊಮ್ಮೆ ಕಾರ್ಮಿಕರ ಪರವಾಗಿ ಬೋನಸ್ ಮಾತುಕತೆಗೆ ಕೂರುವವನು ಅವನು. ಕಾನೂನು ಹೇಳುವ ಕನಿಷ್ಠ ಶೇಕಡಾ ಎಂಟು ಪಾಯಿಂಟ್ ಮೂವತ್ತಮೂರರಿಂದ ಶುರುಮಾಡಿ, ವರ್ಷವರ್ಷವೂ ಹಗ್ಗಜಗ್ಗಾಟ ನಡೆಸಿ, ಹೋದ ವರ್ಷ ಹದಿನಾಲ್ಕಕ್ಕೆ ತಂದು ನಿಲ್ಲಿಸಿದ್ದ. ಬೇರೆಯವರು ಮಕ್ಕಳ ಮಾರ್ಕ್ಸ್ ಹೇಳಿಕೊಂಡಂತೆ ಇವನು ಅದನ್ನು ಹೇಳಿಕೊಳ್ಳುತ್ತಿದ್ದ.

ಇದು ಅವನ ಕೊನೆಯ ವರ್ಷ, ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಕಾನೂನಿನ ಗರಿಷ್ಠ ಇಪ್ಪತ್ತು, ಅದನ್ನು ಮುಟ್ಟಿಯೇ ಮನೆಗೆ ಹೋಗಬೇಕೆಂಬ ಹಟ ಅವನಿಗೆ. ಇಡೀ ದಿನ ಜಗಳವಾಡುವ ತಯಾರಿಯಲ್ಲಿ ಹೋದರೆ ಮ್ಯಾನೇಜರ್ ಇವನ ಮುಖವನ್ನೂ ಸರಿಯಾಗಿ ನೋಡದೆ ಆಗಲಿ ಎಂದುಬಿಟ್ಟ. ಸಹಿ ನಾಳೆ ಎಂದಾಯಿತು. ಶೇಕಡಣ್ಣ ಹೊರಗೆ ಬಂದು ಸುದ್ದಿ ಹೇಳಿದಾಗ ಲೋಡಿಂಗ್‌ನವರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಆ ಭಾರಕ್ಕೆ ಅವರ ಬೆನ್ನು ಹಿಡಿದುಕೊಂಡದ್ದು ಬೇರೆ ಮಾತು.

ಹೆಂಡತಿ ಪಕ್ಕದ ಬೀದಿಯ ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಅಲ್ಲಿ ಪ್ರತಿವರ್ಷ ಕೊಡುವುದು ಕನಿಷ್ಠ ಮಾತ್ರ. ಅದನ್ನು ಹಿಡಿದು ಅವಳನ್ನು ಛೇಡಿಸದ ವರ್ಷವಿಲ್ಲ. ಅಂದು ಸಂಜೆಯೂ ಊಟದ ತಟ್ಟೆಯ ಮುಂದೆ ಅದೇ ರಾಗ ತೆಗೆದ. ಅವಳು ಸಾರು ಬಡಿಸುತ್ತಲೇ, ಹೋದ ವರ್ಷ ನಿಮಗೆ ಬಂದದ್ದೆಷ್ಟು ಎಂದು ಕೇಳಿದಳು. ಹನ್ನೊಂದು ಸಾವಿರದ ಏಳುನೂರ ಅರವತ್ತು ಎಂದ. ತನಗೆ ಹನ್ನೆರಡು ಸಾವಿರಕ್ಕೆ ಐದು ರೂಪಾಯಿ ಕಡಿಮೆ ಬಂದಿತ್ತು ಎಂದಳು ಅವಳು.

"ಅದು ಹೇಗಾಗತ್ತೆ? ನಿನ್ನ ಸಂಬಳ ನನಗಿಂತ ಕಮ್ಮಿ, ಪರ್ಸೆಂಟೂ ಕಮ್ಮಿ."

"ಪರ್ಸೆಂಟ್ ಬಿಡಿ. ಯಾವುದರ ಮೇಲೆ ಹಾಕ್ತಾರೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಬೋನಸ್ ಪೂರ್ತಿ ಸಂಬಳದ ಮೇಲಲ್ಲ, ಒಂದು ಮಿತಿಯ ಮೇಲೆ ಎಂಬುದು ಅವನಿಗೆ ಗೊತ್ತಿತ್ತು. ತಿಂಗಳಿಗೆ ಏಳು ಸಾವಿರ ಎಂದು ಬಹಳ ಹಿಂದೆ ಯಾರೋ ಹೇಳಿದ್ದರು, ಅಷ್ಟಕ್ಕೇ ತಲೆಯಾಡಿಸಿ ಕೂತಿದ್ದ. ಏಳು ಸಾವಿರ ಅಥವಾ ಆ ಕಸುಬಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಎಂಬುದು ಕಾನೂನು ಎಂದು ಅವಳು ಬಿಡಿಸಿ ಹೇಳಿದಳು. ಎರಡು ಕಾರ್ಖಾನೆಗೂ ಆ ವೇತನ ತಿಂಗಳಿಗೆ ಹನ್ನೆರಡು ಸಾವಿರ. ಅಂದರೆ ಅವನು ಮೆರೆದ ಹದಿನಾಲ್ಕು ಕಾನೂನಿನ ಕನಿಷ್ಠವನ್ನೂ ಮುಟ್ಟಿರಲಿಲ್ಲ. ನಾಚಿಕೆಯಾಯಿತು.

ಬೆಳಿಗ್ಗೆ ಸಹಿ ಹಾಕದೆ ಮ್ಯಾನೇಜರಿಗೆ ವಿಷಯ ಹೇಳಿದ. ಮ್ಯಾನೇಜರ್ ಆಡಿಟರಿಗೆ ಫೋನ್ ಮಾಡಿದ, ಕನ್ನಡಕ ತೆಗೆದು ಒರೆಸಿದ, ಕೊನೆಗೆ ಒಪ್ಪಿದ. ಹಳೆ ಲೆಕ್ಕವನ್ನೇ ಎಳೆದುಕೊಂಡು ಬಂದದ್ದು ತಪ್ಪು, ಹೋದ ವರ್ಷದ ಕೊರತೆಯನ್ನೂ ತುಂಬಿಕೊಡುತ್ತೇವೆ ಎಂದ.

"ಆದ್ರೆ ಇಪ್ಪತ್ತು ಆಗಲ್ಲ. ಲಾಭದಲ್ಲಿ ಬೋನಸ್‌ಗೆ ಅಂತ ಬರೋ ಪಾಲನ್ನ ಹನ್ನೆರಡು ಸಾವಿರದ ಮೇಲೆ ಹಂಚಿದ್ರೆ ಹದಿಮೂರಕ್ಕೇ ಮುಗಿಯತ್ತೆ. ಏಳರ ಮೇಲಾದ್ರೆ ಇಪ್ಪತ್ತು ಕೊಟ್ಟೂ ಉಳೀತಿತ್ತು."

ನಿನ್ನೆ ಅಷ್ಟು ಸಲೀಸಾಗಿ ಒಪ್ಪಿದ್ದೇಕೆಂದು ಆಗ ತಿಳಿಯಿತು. ಏಳು ಸಾವಿರದ ಮೇಲೆ ಇಪ್ಪತ್ತು ಎಂದರೆ ವರ್ಷಕ್ಕೆ ಹದಿನಾರು ಸಾವಿರದ ಎಂಟುನೂರು. ಹನ್ನೆರಡರ ಮೇಲೆ ಹದಿಮೂರು ಎಂದರೆ ಹದಿನೆಂಟು ಸಾವಿರದ ಏಳುನೂರ ಇಪ್ಪತ್ತು. ಹಣ ಹೆಚ್ಚು. ಆದರೆ ಹೆಸರು ತಂದುಕೊಟ್ಟ ಅಂಕಿ ಹೋದ ವರ್ಷದ್ದಕ್ಕಿಂತಲೂ ಒಂದು ಕೆಳಗೆ. ಶೇಕಡಣ್ಣ ಹದಿಮೂರಕ್ಕೆ ಸಹಿ ಹಾಕಿದ.

ಕ್ಯಾಂಟೀನಿನಲ್ಲಿ ಬೆಂಚಿನ ಪಕ್ಕ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ. ಹದಿಮೂರು ಎಂಬ ಮಾತು ಬಿದ್ದಮೇಲೆ ಮುಂದಿನದು ಯಾರ ಕಿವಿಗೂ ಹೋಗಲಿಲ್ಲ. ನಿನ್ನೆ ಹೆಗಲು ಕೊಟ್ಟ ಲೋಡರನೇ ಮೊದಲು ಬಾಯಿಬಿಟ್ಟ.

"ಉಳಿದ ಏಳಕ್ಕೆ ಎಷ್ಟು ಇಸ್ಕೊಂಡೆ, ಅಣ್ಣ?"

ಶೇಕಡಣ್ಣ ತಾನೇ ಇಷ್ಟು ವರ್ಷ ಕಲಿಸಿದ ಪಾಠ ಅದು. ಅಂಕಿ ಏರಿದರೆ ಗೆಲುವು, ಇಳಿದರೆ ಮೋಸ. ಸಿಟ್ಟು ಮಾಡುವ ಹಕ್ಕೂ ಅವನಿಗಿರಲಿಲ್ಲ. ಅಲ್ಲಿಂದ ಮಷಿನ್ ಹತ್ತಿರ ಹೋದ. ಆಮೇಲಿನ ದಿನಗಳಲ್ಲಿ ಟೀಗೆ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ.

ಬೋನಸ್ ಖಾತೆಗೆ ಬಿದ್ದದ್ದು ಅವನ ಕೊನೆಯ ವಾರದಲ್ಲಿ. ಮೊಬೈಲುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಯಾರೂ ಬಂದು ತಪ್ಪಾಯಿತು ಎನ್ನಲಿಲ್ಲ. ಮಧ್ಯಾಹ್ನ ಆ ಲೋಡರ್ ಟೀ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತ. ಅರ್ಧ ಲೋಟ ಮುಗಿದಮೇಲೆ ಕೇಳಿದ.

"ಮುಂದಿನ ವರ್ಷ ಮಾತಾಡೋಕೆ ಹೋದ್ರೆ ಮೊದಲು ಏನ್ ಕೇಳ್ಬೇಕು, ಅಣ್ಣ?"

"ಯಾವುದರ ಮೇಲೆ ಅಂತ," ಎಂದ ಶೇಕಡಣ್ಣ. "ನಾನು ಕೇಳಲಿಲ್ಲ. ನಮ್ಮ ಮನೆಯವಳು ಕೇಳಿದ್ದು."