ಶಿವಯೋಗೆಪ್ಪ ಮಾಸ್ತರರ ‘ಹಿಡಿ’

ಮರಾಠಿ ಸೀಮೆಯೊಳಗಿನ ನಮ್ಮ ಕನ್ನಡ ಶಾಲೆಯ ಶಿವಯೋಗೆಪ್ಪ ಮಾಸ್ತರರಿಗೆ ಇತಿಹಾಸ ಕಲಿಸುವುದು ಕೆಲಸ, ಮಕ್ಕಳನ್ನು ಓಡಿಸುವುದು ಹುಚ್ಚು. ಉಟಗಿ ಕಡೆಯ ಈ ಮೈದಾನದಲ್ಲಿ ಬೆಳಗಾದರೆ ಕುರಿ ಹಾಯುತ್ತವೆ. ಸಂಜೆ ಹಾಕಿದ ಸುಣ್ಣದ ಗೆರೆ ಮರುದಿನಕ್ಕೆ ಉಳಿಯುವುದಿಲ್ಲ. ಮಾಸ್ತರರು ಕುರಿಗಳನ್ನು ಬೈಯುತ್ತಲೇ ಮತ್ತೆ ಗೆರೆ ಎಳೆಯುತ್ತಾರೆ.

ರಿಲೇ ಓಟದಲ್ಲಿ ಅವರು ಕಾಲಿಗಿಂತ ಕಣ್ಣು ಕಿವಿಗಳನ್ನೇ ಹೆಚ್ಚು ಪಳಗಿಸುತ್ತಾರೆ. ಬೇಟನ್ ಕೋಲು ಕೈ ಬದಲಾಗಬೇಕಾದ ಪಟ್ಟಿಯ ಹಿಂದಿನ ಗೆರೆಯಲ್ಲಿ ಮುಂದಿನ ಹುಡುಗಿ ನಿಲ್ಲುತ್ತಾಳೆ. ಅಲ್ಲಿಂದ ತನ್ನದೇ ಪಾದದಿಂದ ಹಿಂದಕ್ಕೆ ಅಳೆದು ಒಂದು ಗುರುತು ಹಾಕಿಕೊಳ್ಳುತ್ತಾಳೆ. ಬರುವವಳು ಆ ಗುರುತು ಮುಟ್ಟಿದ್ದೇ ತಡ, ಇವಳು ಓಟ ಕೀಳಬೇಕು, ಹಿಂದೆ ನೋಡಕೂಡದು. ಬರುವವಳು ಬೇಗ ಬಂದು ಮೈಮೇಲೆ ಬಿದ್ದರೆ ಗುರುತು ಇನ್ನೂ ಹಿಂದಕ್ಕೆ, ಬೆನ್ನಟ್ಟಿದರೂ ಸಿಗದಿದ್ದರೆ ಮುಂದಕ್ಕೆ. ಕೈಗೆಟುಕುವಷ್ಟು ಹತ್ತಿರವಾದಾಗ ಅವಳು ‘ಹಿಡಿ’ ಎಂದು ಕೂಗಬೇಕು. ಆಗಷ್ಟೇ ಇವಳ ಕೈ ಹಿಂದಕ್ಕೆ ಹೋಗಬೇಕು. ಮೊದಲೇ ಕೈ ಚಾಚಿ ಓಡಿದರೆ ವೇಗ ಸಾಯುತ್ತದೆ.

ಜತ್ತದ ತಾಲೂಕು ಕ್ರೀಡೆಯಲ್ಲಿ ನಮ್ಮ ಹುಡುಗಿಯರು ಹೀಗೇ ಗೆದ್ದರು. ಮೂರನೆಯವಳು ಶೈಲಾ, ಕೊನೆಯವಳು ಕಾಜಲ್. ಗೆದ್ದದ್ದು ನೋಡಿ ಬೇರೆ ಶಾಲೆಯ ದಾದಾಸಾಹೇಬ ಸರ್ ಚಪ್ಪರದಲ್ಲಿ ಕುಳಿತು, ನಿಮ್ಮ ಹುಡುಗಿಯರು ರಿಲೇ ಓಡುತ್ತಾರೋ ಕೋಳಿ ಹಿಡಿಯುತ್ತಾರೋ ಎಂದು ಮರಾಠಿಯಲ್ಲಿ ಅಣಕಿಸಿದರು. ‘ಹಿಡಿ, ಹಿಡಿ’ ಎಂದು ಕೈಯಾಡಿಸಿಯೂ ತೋರಿಸಿದರು. ಸುತ್ತಲಿದ್ದವರೆಲ್ಲ ನಕ್ಕರು. ನಮ್ಮ ಮಾಸ್ತರರೂ ಅವರ ಜೊತೆ ನಕ್ಕರು. ಪಕ್ಕದಲ್ಲೇ ಕಾಜಲ್ ನೀರು ಕುಡಿಯುತ್ತಿದ್ದಳು.

ಊರಿಗೆ ಬಂದವರೇ ಮಾಸ್ತರರು ಕೂಗುವ ಮಾತನ್ನೇ ಬದಲಿಸಿದರು. ಜಿಲ್ಲೆಗೆ ಹೋಗುತ್ತಿದ್ದೇವೆ, ಎಲ್ಲರಂತೆ ಮರಾಠಿಯಲ್ಲಿ ‘ಘೇ’, ಅಂದರೆ ತಗೋ, ಎನ್ನೋಣ ಎಂದರು. ಮರಾಠಿ ನಮ್ಮ ಮಕ್ಕಳಿಗೆ ಹೊಸದೇನಲ್ಲ, ಒಂದೇ ಸಂಜೆಗೆ ನಾಲಿಗೆಗೆ ಹತ್ತಿತು. ಕಾಜಲ್ ಒಬ್ಬಳೇ ಕೇಳಿದಳು.

“ಎಲ್ಲಾರೂ ಘೇ ಅಂದ್ರ ನಂದು ಯಾವ್ದು ಅಂತ ಹ್ಯಾಂಗ ಗೊತ್ತಾಗಬೇಕ್ರಿ ಸರ್?”

ಶೈಲಾಳ ದನಿ ಗೊತ್ತಾಗುವುದಿಲ್ಲವೇ ಎಂದು ಮಾಸ್ತರರು ಅವಳ ಬಾಯಿ ಮುಚ್ಚಿಸಿದರು. ಊರ ಮೈದಾನದಲ್ಲಿ ನಮ್ಮದೊಂದೇ ತಂಡ. ಅಲ್ಲಿ ಯಾವ ಮಾತಾದರೂ ನಡೆಯುತ್ತಿತ್ತು.

ಸಾಂಗಲಿಯ ಜಿಲ್ಲಾ ಕ್ರೀಡೆಯಲ್ಲಿ ಕೊನೆಯ ಬದಲಾವಣೆಗೆ ಎಲ್ಲ ತಂಡಗಳ ಹುಡುಗಿಯರೂ ಸಾಲಾಗಿ ಒಂದೇ ನೇರಕ್ಕೆ ನಿಂತಿದ್ದರು. ಶೈಲಾ ಗುರುತು ಮುಟ್ಟಿದಳು, ಕಾಜಲ್ ಸರಿಯಾಗಿಯೇ ಹೊರಟಳು. ಅಷ್ಟರಲ್ಲಿ ಪಕ್ಕದ ತಂಡದ ಕಡೆಯಿಂದ ‘ಘೇ’ ಎಂಬ ಕೂಗು ಬಂತು. ಕಾಜಲ್ ಕೈ ಚಾಚಿದಳು. ಕೈಗೆ ಏನೂ ತಾಗಲಿಲ್ಲ. ಗಾಬರಿಯಾಗಿ ಕೈ ಎಳೆದುಕೊಂಡ ಕ್ಷಣದಲ್ಲೇ ಶೈಲಾ ಬೇಟನ್ ನೀಡಿದಳು. ಅದು ನೆಲಕ್ಕೆ ಬಿತ್ತು. ಇನ್ನೊಬ್ಬಳ ಕೈ ಸೇರದೆ ಬಿದ್ದರೆ ತಂದವಳೇ ಎತ್ತಬೇಕೆಂಬುದು ನಿಯಮ. ಶೈಲಾ ಎತ್ತಿ ಕೊಡುವಷ್ಟರಲ್ಲಿ ಉಳಿದವರೆಲ್ಲ ಮುಂದೆ ಹೋಗಿದ್ದರು.

ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಹೆಡ್ ಮಾಸ್ತರರು ಕಾಜಲ್‌ಳನ್ನು ಮುಂದೆ ಕರೆದು ನಿಲ್ಲಿಸಿದರು. ಅವಸರದ ಹುಡುಗಿ, ಶಾಲೆಯ ಮಾನ ಕಳೆದಳು ಎಂದರು. ಕೂಗು ಬದಲಿಸಿದ್ದು ತಾವೇ ಎಂದು ಮಾಸ್ತರರು ಒಂದು ಮಾತು ಆಡಿದ್ದರೆ ಸಾಕಿತ್ತು. ಶಿವಯೋಗೆಪ್ಪ ಮಾಸ್ತರರು ತಮ್ಮ ಬೂಟು ನೋಡುತ್ತ ನಿಂತರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ನಾವಿಬ್ಬರೂ ಡಬ್ಬಿ ಬಿಚ್ಚಿದಾಗ ಅವರೇ ರೊಟ್ಟಿ ಮುರಿಯುವುದನ್ನು ಬಿಟ್ಟು, “ನಾಚಿಕಿ ಬರ್ತದರಿ, ಉಣ್ಣಾಕ ಆಗವಲ್ದು” ಎಂದರು. ಹುಡುಗಿ ಇನ್ನು ಓಡುವುದಿಲ್ಲವೆಂದು ಶೈಲಾಳ ಕೈಯಲ್ಲಿ ಹೇಳಿ ಕಳಿಸಿದ್ದಳಂತೆ.

ಸಂಜೆ ಅವರೇ ಅವಳನ್ನು ಕರೆತಂದರು. ಮೈದಾನದ ಗೆರೆಯ ಹತ್ತಿರ ನಿಂತು, ತಪ್ಪು ನನ್ನದು, ನಾಳೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದರು. ನಮ್ಮ ಮಾತು ಬೇರೆ ಇದ್ದದ್ದಕ್ಕೇ ಜತ್ತದಲ್ಲಿ ನಿನ್ನ ಕಿವಿ ಮೋಸ ಹೋಗಲಿಲ್ಲ, ಅದು ನನಗೇ ಹೊಳೆಯಲಿಲ್ಲ, ಇನ್ನು ಎಲ್ಲಿ ಹೋದರೂ ‘ಹಿಡಿ’ ಎಂದೇ ಕೂಗೋಣ ಎಂದೂ ಹೇಳಿದರು.

ಕಾಜಲ್ ಬೆರಳಿನಿಂದ ಸುಣ್ಣ ಕೆದಕುತ್ತ ಕುಳಿತಿದ್ದಳು. ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು.

“ಜತ್ತದಾಗ ನಕ್ಕ ಆ ಸರ್ ಮತ್ತ ನಕ್ರ, ನೀವೂ ನಗ್ತೀರೇನ್ರಿ?”

ಮಾಸ್ತರರು ಇಲ್ಲವೆಂದು ತಲೆಯಾಡಿಸಿದರು.